‘ಇಬ್ಬರು ಬಂಧನ’ ಯಾಕೆ ತಪ್ಪು: ಕಾಸರಗೋಡಿನಿಂದ ಒಂದು ಉತ್ತರ

ನೀವು ಕೇಳಿದ ಪ್ರಶ್ನೆ ನನಗೆ ತುಂಬ ಇಷ್ಟವಾಯಿತು, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ. ಕೊಲ್ಲಂನಿಂದ ವರ್ಗವಾಗಿ ಕುಂಬಳೆಗೆ ಬಂದಿದ್ದೀರಿ. ಇಲ್ಲಿನ ಅರ್ಜಿಗಳನ್ನು ಓದಬೇಕು ಅಂತ ಕನ್ನಡ ಕಲಿತಿದ್ದೀರಿ. ಈಗ ಬೆಳಿಗ್ಗೆ ಹೋಟೆಲಿನಲ್ಲಿ ಚಾ ಕುಡಿಯುತ್ತಾ ಪೇಪರ್ ಬಿಡಿಸಿದರೆ ಶೀರ್ಷಿಕೆಗಳಲ್ಲಿ ಕ್ರಿಯಾಪದವೇ ಕಾಣುವುದಿಲ್ಲ. ‘ಆರೋಪಿ ಸೆರೆ’, ‘ಮೂವರಿಗೆ ಗಾಯ’, ‘ರಸ್ತೆ ದುರಸ್ತಿಗೆ ಆಗ್ರಹ’. ಇದು ಸರಿಯಾದ ಕನ್ನಡವಾ, ನಾನೂ ಹೀಗೆ ಬರೆಯಬಹುದಾ ಅಂತ ಕೇಳಿದ್ದೀರಿ. ಬರೆಯಬಹುದು. ಆದರೆ ಎಲ್ಲವನ್ನೂ ಅಲ್ಲ.

ನಾನು ಬದಿಯಡ್ಕದ ಕಡೆಯವನು. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಓದು ಬರಹಕ್ಕೆ ಕನ್ನಡ. ಇಲ್ಲಿ ಇದು ಸಾಮಾನ್ಯ. 1956ರ ನವೆಂಬರ್ 1ಕ್ಕೆ ನಮ್ಮ ತಾಲೂಕು ಕೇರಳಕ್ಕೆ ಸೇರಿತು, ಆದರೆ ನಾವು ಓದುವ ಪೇಪರ್ ಇವತ್ತಿಗೂ ಜಾಸ್ತಿ ಮಂಗಳೂರು, ಮಣಿಪಾಲದ ಕಡೆಯಿಂದಲೇ ಬರುತ್ತದೆ. ಕೆಲವು ವರ್ಷ ನಾನೇ ಊರಿನ ಸುದ್ದಿ ಬರೆದು ಕಳಿಸುತ್ತಿದ್ದೆ. ಶೀರ್ಷಿಕೆ ಕಟ್ಟುವುದನ್ನು ಕಲಿತದ್ದು ಆಗ. ನನ್ನ ಸಾಲುಗಳನ್ನು ತಿದ್ದುತ್ತಿದ್ದ ಹಿರಿಯರೊಬ್ಬರು ಒಂದೇ ಒಂದು ಪರೀಕ್ಷೆ ಹೇಳಿಕೊಟ್ಟಿದ್ದರು: ಬಿಟ್ಟ ಕ್ರಿಯಾಪದವನ್ನು ವಾಪಸ್ ಇಟ್ಟು ನೋಡು, ಉಳಿದ ಯಾವ ಅಕ್ಷರವನ್ನೂ ಮುಟ್ಟದೆ ಅದು ಕೂತರೆ ಶೀರ್ಷಿಕೆ ಸರಿ. ನಾನು ಈಗಲೂ ಅದನ್ನೇ ಮಾಡುತ್ತೇನೆ.

ಮೊದಲು ಒಂದು ವಿಷಯ. ಕೆಲವು ಕಡೆ ಅಲ್ಲಿ ಬಿಟ್ಟದ್ದೇ ಏನೂ ಇಲ್ಲ. ಮಲಯಾಳದಲ್ಲಿ ‘ಅವರು ನಮ್ಮ ಮಾಷ್’ ಅಂತ ಹೇಳಲು ಕೊನೆಗೆ ‘ಆಣ್’ ಬೇಕು. ಕನ್ನಡಕ್ಕೆ ಬೇಡ. ‘ಅವರು ನಮ್ಮ ಮೇಷ್ಟ್ರು’ ಅಂದರೆ ಪೂರ್ತಿ ವಾಕ್ಯ. ಹಾಗಾಗಿ ‘ಕೊಳೆರೋಗ: ಅಡಿಕೆ ಬೆಳೆಗಾರ ಕಂಗಾಲು’ ಅನ್ನುವಾಗ ಏನೂ ಕತ್ತರಿಸಿಲ್ಲ, ಅದು ಕನ್ನಡದ ಸಹಜ ವಾಕ್ಯವೇ. ನಿಮ್ಮ ಕಿವಿ ಅಲ್ಲಿ ‘ಆಣ್’ ಹುಡುಕುತ್ತದೆ, ಅಷ್ಟೆ.

ನಿಜವಾಗಿ ಬಿಡುವುದು ‘ಆಗು’, ‘ಮಾಡು’, ‘ಇರು’, ‘ಎನ್ನು’ ಇಂಥ ನಾಲ್ಕೈದು ಪದಗಳನ್ನು. ಕನ್ನಡದಲ್ಲಿ ಎಷ್ಟೋ ಕೆಲಸವನ್ನು ಒಂದು ನಾಮಪದ ಹೇಳುತ್ತದೆ, ‘ಆಯಿತು’ ಅನ್ನುವುದು ಅದರ ಹಿಂದೆ ಸುಮ್ನೆ ನಿಂತಿರುತ್ತದೆ. ‘ಸೇತುವೆ ಉದ್ಘಾಟನೆ ಆಯಿತು’, ‘ಮೂವರಿಗೆ ಗಾಯ ಆಯಿತು’, ‘ಶಾಲೆಗಳಿಗೆ ರಜೆ ಇದೆ’. ಕೊನೆಯ ಪದ ತೆಗೆದರೂ ಸುದ್ದಿ ಹಾಗೇ ಉಳಿಯುತ್ತದೆ. ‘ರಸ್ತೆ ಸರಿ ಮಾಡುತ್ತೇವೆ: ಸಚಿವ’ ಅನ್ನುವಲ್ಲಿ ಎರಡು ಚುಕ್ಕಿಯೇ ‘ಎಂದರು’ ಅನ್ನುವ ಕೆಲಸ ಮಾಡುತ್ತದೆ. ಇದರಲ್ಲಿ ಇನ್ನೊಂದು ಅನುಕೂಲವೂ ಇದೆ. ಯಾರೇ ಬಂದರೂ ಮಲಯಾಳದಲ್ಲಿ ‘ವನ್ನು’ ಅನ್ನುವ ಒಂದೇ ಕ್ರಿಯಾಪದ ಸಾಕು, ನಮಗೆ ಬಂದನು, ಬಂದಳು, ಬಂದರು, ಬಂತು ಅಂತ ಆರಿಸಬೇಕು. ‘ಬಂದ’ ಅಂದರೆ ಏಕವಚನವಾಯಿತು ಅಂತ ಒಬ್ಬರಿಗೆ ಬೇಜಾರು, ‘ಬಂದರು’ ಅಂದರೆ ಅವನಿಗೆ ಇಷ್ಟು ಮರ್ಯಾದೆ ಯಾಕೆ ಅಂತ ಇನ್ನೊಬ್ಬರಿಗೆ. ‘ನಾಳೆ ಸಚಿವರ ಭೇಟಿ’ ಅಂದರೆ ಆ ತಕರಾರೇ ಇಲ್ಲ.

ಬಿಡಲಾಗದ್ದು ‘ಇಲ್ಲ’, ‘ಅಲ್ಲ’, ‘ಬೇಡ’. ಅವು ಹೋದರೆ ಸುದ್ದಿ ತಲೆಕೆಳಗು.

ಈಗ ಎಡವುವ ಜಾಗಕ್ಕೆ ಬರುತ್ತೇನೆ. ‘ಕಳ್ಳತನ: ಇಬ್ಬರು ಬಂಧನ’ ಅಂತ ನೀವು ಎಷ್ಟೋ ಸಲ ನೋಡಿರುತ್ತೀರಿ. ಪರೀಕ್ಷೆ ಹಾಕಿ. ‘ಇಬ್ಬರು ಬಂಧನ ಆದರು’ ಅಂತ ಯಾರೂ ಮಾತಾಡುವುದಿಲ್ಲ. ‘ಇಬ್ಬರು ಬಂಧನ ಆಯಿತು’ ಅನ್ನುವುದೂ ಇಲ್ಲ. ಕೂರುವುದು ‘ಇಬ್ಬರ ಬಂಧನ ಆಯಿತು’ ಒಂದೇ. ಹಾಗಾಗಿ ಶೀರ್ಷಿಕೆಯೂ ‘ಇಬ್ಬರ ಬಂಧನ’ ಆಗಬೇಕು. ಅದೇ ‘ಇಬ್ಬರು ಆಯ್ಕೆ’ ತಗೊಳ್ಳಿ. ‘ಇಬ್ಬರು ಆಯ್ಕೆ ಆದರು’ ಚೆನ್ನಾಗಿಯೇ ಕೂರುತ್ತದೆ, ಅದು ಸರಿ. ‘ಸವಾರ ಪಾರು’, ‘ಯುವಕ ನಾಪತ್ತೆ’, ‘ಚಿರತೆ ಸೆರೆ’ ಇವೂ ಸರಿ, ಪಾರಾದ, ನಾಪತ್ತೆಯಾದ, ಸೆರೆಯಾಯಿತು ಅಂತ ನಾವು ಹೇಳುತ್ತೇವೆ. ‘ಮೂವರು ಗಾಯ’ ತಪ್ಪು, ‘ಮೂವರಿಗೆ ಗಾಯ’ ಸರಿ. ನೋಡಲು ಎಲ್ಲವೂ ಒಂದೇ ತರ, ಎರಡು ಪದ ಪಕ್ಕಪಕ್ಕ. ಆದರೆ ಕಾಣದ ಕ್ರಿಯಾಪದ ಬೇರೆ ಬೇರೆ.

ಹಾಗಾದರೆ ‘ಆರೋಪಿ ಬಂಧನ’ ಯಾಕೆ ಕಿವಿಗೆ ಚುಚ್ಚುವುದಿಲ್ಲ? ಇದನ್ನು ನಾನೂ ಬಹಳ ದಿನ ಯೋಚಿಸಿದ್ದೇನೆ. ಇ, ಎ ಇಂದ ಮುಗಿಯುವ ಪದಗಳ ‘ಯ’ವನ್ನು ನಾವು ಮಾತಿನಲ್ಲೂ ಆರಾಮವಾಗಿ ಬಿಡುತ್ತೇವೆ. ಮನೆ ಬಾಗಿಲು, ಹಳ್ಳಿ ದಾರಿ, ಗುಡ್ಡೆ ತುದಿ. ಹಾಗಾಗಿ ಆರೋಪಿಯ ಬಂಧನ ‘ಆರೋಪಿ ಬಂಧನ’ ಆದರೂ, ಮಹಿಳೆಯ ಸಾವು ‘ಮಹಿಳೆ ಸಾವು’ ಆದರೂ ನಡೆಯುತ್ತದೆ. ಆದರೆ ಯುವಕನ ಮನೆಯನ್ನು ‘ಯುವಕ ಮನೆ’ ಅನ್ನಲು ಆಗುವುದಿಲ್ಲ, ಇಬ್ಬರ ಮನೆ ‘ಇಬ್ಬರು ಮನೆ’ ಆಗುವುದಿಲ್ಲ. ಅದೇ ಕಾರಣಕ್ಕೆ ‘ಯುವಕ ಸಾವು’, ‘ಇಬ್ಬರು ಸಾವು’ ಕುಂಟುತ್ತವೆ. ‘ಬೈಕ್ ಸವಾರ ಸಾವು’ ಈಗ ಎಲ್ಲ ಕಡೆ ಓಡಾಡುತ್ತಿದೆ ಅಂತ ನನಗೆ ಗೊತ್ತು. ಸಾವನ್ನಪ್ಪಿದ ಅನ್ನುವುದರ ಬಾಲ ಕತ್ತರಿಸಿದ್ದು ಅಂತ ಕೆಲವರು ವಾದಿಸುತ್ತಾರೆ. ಆದರೆ ‘ಅನ್ನಪ್ಪಿದ’ ಅನ್ನುವುದನ್ನು ಓದುವವರು ತಾವಾಗಿ ತುಂಬಿಕೊಳ್ಳುವುದಿಲ್ಲ, ‘ಆಯಿತು’ ಮಾತ್ರ ತುಂಬಿಕೊಳ್ಳುತ್ತಾರೆ. ನಾನು ಅದನ್ನು ಬರೆಯುವುದಿಲ್ಲ, ನೀವೂ ಬರೆಯಬೇಡಿ ಅನ್ನುತ್ತೇನೆ. ಜಾಗ ಸಾಲದು ಅನ್ನುವುದು ಇಲ್ಲಿ ನೆಪವಾಗಲಾರದು: ‘ಇಬ್ಬರು’ವಿಗಿಂತ ‘ಇಬ್ಬರ’ ಒಂದು ಕೊಂಬು ಕಡಿಮೆ, ‘ಸವಾರನ’ ಒಂದೇ ಅಕ್ಷರ ಜಾಸ್ತಿ. ಸತ್ತವರ ಸುದ್ದಿಯಲ್ಲಿ ಆ ಒಂದು ಅಕ್ಷರವನ್ನಾದರೂ ಕೊಡಬೇಕು.

ಇನ್ನೊಂದು ಜಾತಿಯ ಶೀರ್ಷಿಕೆ ಇದೆ. ‘ಬಾವಿಗೆ ಬಿದ್ದ ಕಾಡುಹಂದಿ’. ಇದರಲ್ಲಿ ಕ್ರಿಯಾಪದ ಬಿಟ್ಟಿಲ್ಲ, ಹಿಂದೆ ಮುಂದೆ ಮಾಡಿದ್ದಾರೆ. ಕಾಡುಹಂದಿ ಬಾವಿಗೆ ಬಿತ್ತು ಅನ್ನುವುದನ್ನು ತಿರುಗಿಸಿದ್ದು. ಶೀರ್ಷಿಕೆ ಬರೆಯುವವರಿಗೆ ಇದು ಇಷ್ಟ, ಯಾಕೆಂದರೆ ‘ಬಿದ್ದ’ ಅನ್ನುವುದು ಗಂಡು, ಹೆಣ್ಣು, ಪ್ರಾಣಿ ಎಲ್ಲಕ್ಕೂ ಒಂದೇ. ಆಗದ ಕೆಲಸಕ್ಕೂ ಇದು ಚೆನ್ನಾಗಿ ಒಗ್ಗುತ್ತದೆ: ‘ಮುಗಿಯದ ಸೇತುವೆ’, ‘ಸಿಗದ ಪರಿಹಾರ’. ಎರಡು ಪದದಲ್ಲಿ ಊರಿನ ಸಂಕಟ ಪೂರ್ತಿ ಬಂತು. ತೊಂದರೆ ಆಗುವುದು ‘ಅನ್ನು’ ಪ್ರತ್ಯಯ ಬಿಟ್ಟಾಗ. ವಸ್ತುಗಳಿಗೆ ಅದನ್ನು ಬಿಡಬಹುದು, ‘ಮನೆ ಕಟ್ಟಿದ ಮೇಸ್ತ್ರಿ’ ಅಂದರೆ ಯಾರಿಗೂ ಗೊಂದಲ ಇಲ್ಲ. ಜೀವ ಇರುವುದಕ್ಕೆ ಬಿಡಬಾರದು. ‘ಚಿರತೆ ಕೊಂದ ರೈತ’ ಅಂದರೆ ಯಾರು ಸತ್ತದ್ದು? ಎರಡು ಸಲ ಓದಿದರೂ ಗೊತ್ತಾಗುವುದಿಲ್ಲ. ‘ಚಿರತೆಯನ್ನು ಕೊಂದ ರೈತ’ ಅಂತ ಪೂರ್ತಿ ಬರೆಯಬೇಕು. ಜಾಗ ಇಲ್ಲದಿದ್ದರೆ ಕೊನೆಯ ‘ನ್ನು’ ಕೈಬಿಟ್ಟು ‘ಕಳ್ಳನ ಹಿಡಿದ ಪೊಲೀಸರು’ ಅನ್ನಬಹುದು, ಅದು ಕನ್ನಡಕ್ಕೆ ಹಳೆಯ ರೂಢಿ. ‘ಕಳ್ಳ ಹಿಡಿದ ಪೊಲೀಸರು’ ಮಾತ್ರ ಆಗದು.

ಇನ್ನು ನಮ್ಮ ಗಡಿಯ ತಪ್ಪುಗಳು. ಇವು ನಿಮಗೆ ಬೇಗ ಅರ್ಥವಾಗುತ್ತವೆ, ನಿಮ್ಮ ಭಾಷೆಯಿಂದ ಬಂದವು. ಮಲಯಾಳ ಪೇಪರಿನಲ್ಲಿ ‘ರಂಡು ಪೇರ್ ಅರಸ್ಟಿಲ್’, ‘ಪ್ರತಿ ಪಿಡಿಯಿಲ್’ ಅಂತ ದಿನಾ ಇರುತ್ತದೆ. ಅಲ್ಲಿ ‘ಇಲ್’ ಅನ್ನುವ ಪ್ರತ್ಯಯವೇ ವಾಕ್ಯವನ್ನು ಮುಗಿಸುತ್ತದೆ. ಅದನ್ನು ಅವಸರದಲ್ಲಿ ಕನ್ನಡಕ್ಕೆ ಇಳಿಸುವವರು ‘ಇಬ್ಬರು ಅರೆಸ್ಟಿನಲ್ಲಿ’ ಅಂತ ಬರೆದುಬಿಡುತ್ತಾರೆ. ಕನ್ನಡದಲ್ಲಿ ಅರೆಸ್ಟ್ ಅನ್ನುವುದು ಒಬ್ಬರು ಒಳಗೆ ಕೂರುವ ಜಾಗ ಅಲ್ಲ. ‘ಇಬ್ಬರು ಪೊಲೀಸ್ ವಶಕ್ಕೆ’ ಸರಿ, ‘ಇಬ್ಬರು ಅರೆಸ್ಟ್’ ಕೂಡ ಸರಿ, ಅರೆಸ್ಟ್ ಆದರು ಅಂತ ನಾವು ಹೇಳುತ್ತೇವಲ್ವಾ. ಇದಕ್ಕಿಂತ ಕೆಟ್ಟದ್ದು ‘ಪ್ರತಿ ಸೆರೆ’. ನಿಮಗೆ ಪ್ರತಿ ಅಂದರೆ ಆರೋಪಿ. ನಮಗೆ ಪ್ರತಿ ಅಂದರೆ ಪುಸ್ತಕದ ಕಾಪಿ. ಗಡಿ ದಾಟಿ ಉಪ್ಪಿನಂಗಡಿಯಲ್ಲಿ ಒಬ್ಬರು ಇದನ್ನು ಓದಿದರೆ ಏನು ತಿಳಿಯಬೇಕು?

ಕೊನೆಯದಾಗಿ, ವ್ಯಾಕರಣ ಸರಿ ಇದ್ದೂ ನಮ್ಮಲ್ಲಿ ಕೈಕೊಡುವ ಕಡಿತ ಒಂದಿದೆ. ಜುಲೈ ತಿಂಗಳ ಮಳೆ, ಬೆಳಿಗ್ಗೆ ಆರೂವರೆ. ಪೇಪರಿನಲ್ಲಿ ‘ಭಾರೀ ಮಳೆ: ಜಿಲ್ಲೆಯ ಶಾಲೆಗಳಿಗೆ ಇಂದು ರಜೆ’. ಪರೀಕ್ಷೆ ಹಾಕಿದರೆ ‘ಇದೆ’ ಅಚ್ಚುಕಟ್ಟಾಗಿ ಕೂರುತ್ತದೆ. ಆದರೆ ಯಾವ ಜಿಲ್ಲೆ? ಬರೆದವರಿಗೆ ಜಿಲ್ಲೆ ಅಂದರೆ ದಕ್ಷಿಣ ಕನ್ನಡ. ನಮಗೆ ರಜೆ ಕೊಡುವವರು ಕಾಸರಗೋಡಿನ ಜಿಲ್ಲಾಧಿಕಾರಿ. ಒಂದು ವರ್ಷ ನಮ್ಮ ತಂಗಿ ಇದನ್ನು ಓದಿ ಮಕ್ಕಳನ್ನು ಮನೆಯಲ್ಲೇ ಉಳಿಸಿದಳು. ಅವತ್ತು ಶಾಲೆ ಇತ್ತು, ದೊಡ್ಡವನಿಗೆ ಪರೀಕ್ಷೆಯೂ ಇತ್ತು. ‘ಎಸ್‌ಎಸ್‌ಎಲ್‌ಸಿ ಫಲಿತಾಂಶ ಇಂದು’ ಅನ್ನುವುದೂ ಹೀಗೇ. ಎಸ್‌ಎಸ್‌ಎಲ್‌ಸಿ ಎರಡೂ ರಾಜ್ಯದಲ್ಲಿದೆ, ಹತ್ತನೇ ಕ್ಲಾಸಿನ ಮಗು ಇರುವ ಇಲ್ಲಿನ ಮನೆಯವರು ಆ ಸಾಲು ನೋಡಿದ ಕೂಡಲೇ ಎದೆ ಹಿಡಿದುಕೊಂಡು ಕೆಳಗಿನ ಸಣ್ಣ ಅಕ್ಷರ ಓದಬೇಕು. ‘ರಾಜ್ಯದಲ್ಲಿ ಬಸ್ ದರ ಏರಿಕೆ’ ಅಂದರೂ ಅಷ್ಟೇ.

ಹಾಗಾಗಿ ನಿಮ್ಮ ಕಚೇರಿಯ ನೋಟಿಸಿಗೆ ಕನ್ನಡ ತಲೆಬರಹ ಬರೆಯುವಾಗ ‘ಆಗಿದೆ’, ‘ಮಾಡಲಾಗಿದೆ’ ಎಲ್ಲವನ್ನೂ ಧಾರಾಳವಾಗಿ ಬಿಡಿ. ‘ರೇಷನ್ ಕಾರ್ಡ್ ತಿದ್ದುಪಡಿಗೆ ಅರ್ಜಿ ಆಹ್ವಾನ’ ಸಾಕು. ‘ಜಿಲ್ಲೆ’ ಅನ್ನುವ ಮೊದಲು ‘ಕಾಸರಗೋಡು’ ಅಂತ ಮಾತ್ರ ಸೇರಿಸಿ.