ನಾರು, ಕಾರ್ಕ್, ಥರ್ಮಾಕೋಲ್: ಹಾಟ್ ಪ್ಲೇಟ್ ಅಳತೆಯಲ್ಲಿ ಕಾರ್ಕ್ ಮುಂದೆ ಬಂದದ್ದು ಯಾಕೆ?

ಪ್ರಶ್ನೆ: ಮೊಸರು ಮತ್ತು ಐಸ್ ಇಡೋಕೆ ಒಂದು ಸಣ್ಣ ಪೆಟ್ಟಿಗೆ ಮಾಡ್ತಿದ್ದೇನೆ, ಒಳಗಡೆ 20 ಸೆಂ.ಮೀ. ಚೌಕ. ತೆಂಗಿನ ನಾರಿನ ಹಾಳೆ, ಕಾರ್ಕ್ ಹಾಳೆ, ಥರ್ಮಾಕೋಲ್ ಮೂರನ್ನೂ ಕರೆಂಟ್ ಹಾಟ್ ಪ್ಲೇಟ್ ಮೇಲಿಟ್ಟು 20 ನಿಮಿಷ ಆದ ಮೇಲೆ ಮೇಲ್ಮೈ ಬಿಸಿ ನೋಡಿದೆ. ಕಾರ್ಕ್ ಎಲ್ಲಕ್ಕಿಂತ ತಣ್ಣಗಿತ್ತು, ಆಮೇಲೆ ನಾರು, ಥರ್ಮಾಕೋಲ್ ಕೊನೆಗೆ. ಪುಸ್ತಕದಲ್ಲಿ ನೋಡಿದರೆ ಥರ್ಮಾಕೋಲೇ ಎಲ್ಲಕ್ಕಿಂತ ಮುಂದೆ ಇದೆ. ಯಾವುದನ್ನ ನಂಬಲಿ?

ಉತ್ತರ:

ಈ ಪೆಟ್ಟಿಗೆಯ ಮಟ್ಟಿಗೆ ಪುಸ್ತಕವನ್ನೇ ನಂಬಿ. ನಿಮ್ಮ ಥರ್ಮಾಮೀಟರ್ ಸುಳ್ಳು ಹೇಳಿಲ್ಲ. ಹಾಳೆ ಬಿಸಿಯಾಗೋಕೆ ಎಷ್ಟು ಹೊತ್ತು ಹಿಡಿಯುತ್ತದೆ ಅನ್ನೋದನ್ನ ಅದು ಸರಿಯಾಗೇ ತೋರಿಸಿದೆ. ನಿಮಗೆ ಬೇಕಾದದ್ದು, ಹಾಳೆ ಪೂರ್ತಿ ಬಿಸಿಯಾದ ಮೇಲೂ ಅದರ ಮೂಲಕ ಎಷ್ಟು ಶಾಖ ಸೋರುತ್ತಲೇ ಇರುತ್ತದೆ ಅನ್ನೋ ಲೆಕ್ಕ.

ಮೂರೂ ಹಾಳೆಗಳನ್ನು 20×20 ಸೆಂ.ಮೀ. ಅಳತೆಗೆ, 25 ಮಿ.ಮೀ. ದಪ್ಪಕ್ಕೆ ಕತ್ತರಿಸಿ ತಕ್ಕಡಿಗೆ ಹಾಕಿ. ಆ ಅಳತೆಯ ತುಂಡು ಸರಿಯಾಗಿ ಒಂದು ಲೀಟರ್ ಜಾಗ ಹಿಡಿಯುತ್ತದೆ. ಹಾಗಾಗಿ ತೂಕ ಎಷ್ಟು ಗ್ರಾಂ ಬರುತ್ತದೋ ಅದೇ ಅದರ ಸಾಂದ್ರತೆ, ಘನ ಮೀಟರಿಗೆ ಅಷ್ಟು ಕಿಲೋ. ನನ್ನ ತುಂಡುಗಳಲ್ಲಿ ಥರ್ಮಾಕೋಲ್ 15 ಗ್ರಾಂ, ನಾರು 80, ಕಾರ್ಕ್ 120 ಇತ್ತು. ಕಾರ್ಕ್ ಥರ್ಮಾಕೋಲಿಗಿಂತ ಎಂಟು ಪಟ್ಟು ಭಾರ, ಅದನ್ನು ಬಿಸಿ ಮಾಡೋಕೆ ಬೇಕಾದ ಶಾಖವೂ ಹಾಗೇ ಹೆಚ್ಚು. ಥರ್ಮಾಕೋಲಿನಲ್ಲಿ ಬಿಸಿ ಐದಾರು ನಿಮಿಷದಲ್ಲಿ ಆ ಕಡೆ ತಲುಪಿಬಿಡುತ್ತದೆ. ಕಾರ್ಕಿಗೆ ಮುಕ್ಕಾಲು ಗಂಟೆ ದಾಟುತ್ತದೆ, ನಾರಿಗೆ ಅರ್ಧ ಗಂಟೆ ಚಿಲ್ಲರೆ. 20ನೇ ನಿಮಿಷದಲ್ಲಿ ನೀವು ಮುಟ್ಟಿದಾಗ ಥರ್ಮಾಕೋಲಿನ ಓಟ ಮುಗಿದಿತ್ತು, ಉಳಿದೆರಡು ಇನ್ನೂ ದಾರಿಯಲ್ಲಿದ್ದವು. ಇದರ ಮೇಲೆ ಅಡುಗೆಮನೆಯ ಹಾಟ್ ಪ್ಲೇಟ್ ತನ್ನಷ್ಟಕ್ಕೆ ಆನ್-ಆಫ್ ಆಗುತ್ತಿರುತ್ತದೆ, ಎಷ್ಟು ಶಾಖ ಒಳಗೆ ಹೋಯಿತು ಅನ್ನೋದಕ್ಕೆ ಲೆಕ್ಕವೇ ಇಲ್ಲ. ಥರ್ಮಾಕೋಲ್ 80 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗಿ ಕುಗ್ಗೋಕೆ ಶುರು ಮಾಡುತ್ತದೆ. ನಿಮ್ಮದರ ತಳ ಹೊಳಪಾಗಿ ಕುಗ್ಗಿದ್ದರೆ ಆ ತುಂಡನ್ನು ಎಸೆಯಿರಿ.

ನಾನು ತಿಪಟೂರು ಕಡೆಯವನು, ಪಾಲಿಟೆಕ್ನಿಕ್ ಲ್ಯಾಬಿನಲ್ಲಿ ಕೆಲಸ. ಇಲ್ಲಿ ನಾರಿಗೇನು ಬರವಿಲ್ಲ, ಹಾಸಿಗೆ ಮಾಡುವವರ ಹತ್ತಿರ ರಬ್ಬರ್ ಹಾಲು ಹಾಕಿ ಒತ್ತಿದ ನಾರಿನ ಹಾಳೆಯ ಕತ್ತರಿಕೆ ಸಿಗುತ್ತದೆ. ಹುಡುಗರು ಪ್ರತಿ ವರ್ಷ ಇದೇ ಪ್ರಾಜೆಕ್ಟ್ ತರುತ್ತಾರೆ, ಅವರಿಗಾಗಿ ಮಾಡಿಟ್ಟ ಸಾಧನ ಹೀಗಿದೆ.

ಹೀಟರನ್ನು ಕೆಳಗಿಡಬೇಡಿ, ನಡುವೆ ಇಡಿ. ಒಂದೇ ವಸ್ತುವಿನ ಎರಡು ತುಂಡು ಮಾಡಿ, ಹೀಟರಿನ ಮೇಲೊಂದು ಕೆಳಗೊಂದು, ಸ್ಯಾಂಡ್‌ವಿಚ್ ತರಹ. ಒಂದೇ ಕಡೆ ತುಂಡಿಟ್ಟರೆ ಹೀಟರಿನ ಹಿಂಬದಿಯಿಂದ ಎಷ್ಟು ಶಾಖ ಹೋಯಿತು ಅಂತ ಗೊತ್ತಾಗೋದಿಲ್ಲ. ಎರಡೂ ಕಡೆ ಇಟ್ಟರೆ ಕೊಟ್ಟ ಕರೆಂಟೆಲ್ಲ ಶಾಖವಾಗಿ ನಿಮ್ಮ ತುಂಡುಗಳ ಮೂಲಕವೇ ಹೋಗಬೇಕು. ಪ್ರಮಾಣಿತ ಪರೀಕ್ಷೆಯಲ್ಲೂ (IS 3346) ಎರಡು ತುಂಡಿನ ಇದೇ ಜೋಡಣೆ. ಅಲ್ಲಿ ಹೀಟರಿನ ಸುತ್ತ ಇನ್ನೊಂದು ಕಾವಲು ಹೀಟರ್ ಇರುತ್ತದೆ, ನಮ್ಮಲ್ಲಿ ಅದಿಲ್ಲ. ಅದರ ಬೆಲೆ ಆಮೇಲೆ ತೆರುತ್ತೇವೆ.

ಹೀಟರಿಗೆ 30 ಗೇಜಿನ ನೈಕ್ರೋಮ್ ತಂತಿ ಸುಮಾರು ಮೂರೂವರೆ ಮೀಟರ್ ಸಾಕು. ಮಲ್ಟಿಮೀಟರ್ ಇಟ್ಟು 48 ಓಮ್ ಬಂದಲ್ಲಿ ಕತ್ತರಿಸಿ, ಮೈಕಾ ಹಾಳೆಯ ಮೇಲೆ ಒತ್ತಾಗಿ ಹಾವಿನಂತೆ ಸುತ್ತಿ, ಮೇಲೆ ಕೆಳಗೆ ಇನ್ನೊಂದು ಮೈಕಾ ಹಾಕಿ, 2 ಮಿ.ಮೀ. ಅಲ್ಯೂಮಿನಿಯಂ ತಗಡುಗಳ ನಡುವೆ ಬಿಗಿಯಿರಿ. 12 ವೋಲ್ಟ್ ಕೊಟ್ಟರೆ 3 ವ್ಯಾಟ್. ಇಷ್ಟು ಕಮ್ಮಿಯಾ ಅಂತ ಹುಡುಗರು ನಗುತ್ತಾರೆ. ಒಳ್ಳೆಯ ನಿರೋಧಕದ ನಡುವೆ ಅಷ್ಟೇ ಸಾಕು, ಹೆಚ್ಚು ಕೊಟ್ಟರೆ ಥರ್ಮಾಕೋಲ್ ಕರಗುತ್ತದೆ.

ತುಂಡುಗಳ ಹೊರಮೈಗೂ ಒಂದೊಂದು ಅಲ್ಯೂಮಿನಿಯಂ ತಗಡು ಬೇಕು. ಇಡೀ ಕಟ್ಟನ್ನು ನಾಲ್ಕು ಬಾಟಲಿ ಮುಚ್ಚಳದ ಮೇಲೆ ಎತ್ತಿ ಇಟ್ಟು, ಕಂಪ್ಯೂಟರಿನ ಸಣ್ಣ ಫ್ಯಾನ್ ಒಂದನ್ನು ಪಕ್ಕದಿಂದ ಬೀಸಲು ಬಿಡಿ. ಮೇಲೊಂದು ಎರಡು ಕಿಲೋ ತೂಕ. ನಾರು ಆ ಭಾರಕ್ಕೆ ಕುಗ್ಗುತ್ತದೆ, ಆದ್ದರಿಂದ ನಾಲ್ಕು ಮೂಲೆಗೂ 25 ಮಿ.ಮೀ. ಎತ್ತರದ ತೆಳು ಪ್ಲಾಸ್ಟಿಕ್ ಕೊಳವೆ ತುಂಡು ಇಡಿ, ಖಾಲಿ ಪೆನ್ನಿನದಾದರೂ ಆದೀತು. ಇದನ್ನು ಮರೆತು ನಾರು 22 ಮಿ.ಮೀ.ಗೆ ಇಳಿದರೆ ಉತ್ತರದಲ್ಲಿ ನೂರಕ್ಕೆ ಹದಿಮೂರು ಹದಿನಾಲ್ಕರಷ್ಟು ತಪ್ಪು ಅಲ್ಲೇ ಬಂತು. ಸುತ್ತಲಿನ ನಾಲ್ಕು ಅಂಚಿಗೂ 50 ಮಿ.ಮೀ. ಥರ್ಮಾಕೋಲ್ ಒತ್ತಿ ಕಟ್ಟಿ.

ಬಿಸಿ ತಗಡಿನ ಎರಡು ಮುಖಕ್ಕೆ, ತಣ್ಣನೆಯ ಎರಡು ತಗಡಿಗೆ ಒಂದೊಂದು ತೆಳು ಥರ್ಮೋಕಪಲ್ ಅಂಟಿಸಿ. ಕರೆಂಟ್ ಕೊಡದೆ ಒಂದು ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ನಾಲ್ಕನ್ನೂ ಓದಿ. ನಾಲ್ಕೂ ಒಂದೇ ಹೇಳಬೇಕು, ಹೇಳೋದಿಲ್ಲ. ನನ್ನಲ್ಲಿ ಒಂದು 1.3 ಡಿಗ್ರಿ ಹೆಚ್ಚು ತೋರಿಸುತ್ತಿತ್ತು. ಆ ವ್ಯತ್ಯಾಸ ಬರೆದಿಟ್ಟುಕೊಂಡು ಪ್ರತಿ ಸಲ ಕಳೆಯಿರಿ.

ಇನ್ನು ಕಾಯುವ ಕೆಲಸ. 3 ವ್ಯಾಟಿನಲ್ಲಿ ಹೀಟರಿನ ತಗಡು ಮತ್ತು ತುಂಡುಗಳು ಪೂರ್ತಿ ನೆಲೆಗೆ ಬರೋಕೆ ಐದಾರು ಗಂಟೆ ಹಿಡಿಯುತ್ತದೆ. ಅಡ್ಡದಾರಿ ಒಂದಿದೆ: ಮೊದಲ ಹತ್ತು ಹನ್ನೆರಡು ನಿಮಿಷ 24 ವೋಲ್ಟ್ ಕೊಡಿ. ವೋಲ್ಟೇಜ್ ಎರಡರಷ್ಟಾದರೆ ವ್ಯಾಟ್ ನಾಲ್ಕರಷ್ಟು, ತಗಡು ಬೇಗ ಏರುತ್ತದೆ. ಆಮೇಲೆ 12ಕ್ಕೆ ಇಳಿಸಿ ಅರ್ಧ ಗಂಟೆಗೊಮ್ಮೆ ಓದಿ. ಮೂರು ಓದು ಒಂದರ ಹಿಂದೊಂದು 0.1 ಡಿಗ್ರಿಗಿಂತ ಹೆಚ್ಚು ಕದಲದಿದ್ದರೆ ನೆಲೆಗೆ ಬಂತು ಅಂತ ಲೆಕ್ಕ. ಹದಿನೈದು ನಿಮಿಷಕ್ಕೊಮ್ಮೆ ಓದಿ 0.2 ಅಷ್ಟೇ ಏರಿದೆ, ಸಾಕು ಅಂದರೆ ಇನ್ನೂ ಒಂದು ಡಿಗ್ರಿ ಏರೋದು ಬಾಕಿ ಇರಬಹುದು.

ಲೆಕ್ಕ ಇಷ್ಟೇ:

```
k = P × L / (2 × A × ΔT)
```

P ವ್ಯಾಟ್, L ದಪ್ಪ ಮೀಟರಿನಲ್ಲಿ, A ಒಂದು ಮುಖದ ವಿಸ್ತೀರ್ಣ (0.04 ಚದರ ಮೀಟರ್), ΔT ಬಿಸಿ ಮತ್ತು ತಣ್ಣನೆಯ ತಗಡುಗಳ ಸರಾಸರಿ ವ್ಯತ್ಯಾಸ. k ಚಿಕ್ಕದಾದಷ್ಟೂ ನಿರೋಧಕ ಒಳ್ಳೆಯದು. ನಮ್ಮ ಅಳತೆಗಳಿಗೆ ಇದು 0.9375 ಭಾಗಿಸು ΔT ಅಂತ ಆಗುತ್ತದೆ.

ನನಗೆ ಬಂದದ್ದು: ಥರ್ಮಾಕೋಲಿಗೆ ವ್ಯತ್ಯಾಸ 23.4 ಡಿಗ್ರಿ, ಅಂದರೆ k 0.040. ಕಾರ್ಕಿಗೆ 19.9 ಡಿಗ್ರಿ, 0.047. ನಾರಿಗೆ 18.0 ಡಿಗ್ರಿ, 0.052. ಮೂರೂ ನಿಜಕ್ಕಿಂತ ಸ್ವಲ್ಪ ಹೆಚ್ಚು, ಯಾಕೆಂದರೆ ಕಾವಲು ಹೀಟರ್ ಇಲ್ಲದ ಕಡೆ ಅಂಚಿನಿಂದ ಶಾಖ ಸೋರಿದೆ, ಅದನ್ನೂ ತುಂಡಿನ ಖಾತೆಗೇ ಬರೆದಿದ್ದೇವೆ. ಥರ್ಮಾಕೋಲಿನ k 0.0365ರ ಆಸುಪಾಸು ಅಂತ ಚೆನ್ನಾಗಿ ಗೊತ್ತಿರುವುದರಿಂದ ಅದನ್ನೇ ಅಳತೆಗೋಲು ಮಾಡಿಕೊಳ್ಳಬಹುದು. ನನ್ನ ಸಾಧನದ ಸೋರಿಕೆ ಸುಮಾರು 0.0035. ಇದನ್ನು ಎಲ್ಲದರಿಂದ ಕಳೆಯಬೇಕು, ಶೇಕಡಾವಾರು ಇಳಿಸಬಾರದು, ಯಾಕೆಂದರೆ ಅಂಚಿನ ಥರ್ಮಾಕೋಲ್ ಒಂದೇ, ಒಂದು ಡಿಗ್ರಿಗೆ ಅದು ಬಿಡುವ ಶಾಖವೂ ಹೆಚ್ಚುಕಮ್ಮಿ ಒಂದೇ. ಕಳೆದ ಮೇಲೆ ಕಾರ್ಕ್ 0.0435, ನಾರು 0.0485.

ನಾರು ಹಿಂದೆ ಬೀಳೋದಕ್ಕೆ ಕಾರಣ ಅದರ ಎಳೆಯ ದಪ್ಪ. ಈ ಮೂರರಲ್ಲೂ ಶಾಖ ತಡೆಯೋದು ಮುಖ್ಯವಾಗಿ ಒಳಗೆ ಸಿಕ್ಕಿಬಿದ್ದ ಗಾಳಿ. ಥರ್ಮಾಕೋಲಿನಲ್ಲೂ ಕಾರ್ಕಿನಲ್ಲೂ ಗಾಳಿ ಮುಚ್ಚಿದ ಸಣ್ಣ ಕೋಶಗಳಲ್ಲಿದೆ. ತೆಂಗಿನ ನಾರಿನ ಎಳೆ ಕೂದಲಿಗಿಂತ ದಪ್ಪ, ಎಳೆಗಳ ನಡುವಿನ ಸಂದುಗಳೂ ದೊಡ್ಡವು, ಒಂದಕ್ಕೊಂದು ತೆರೆದುಕೊಂಡಿವೆ. ಆ ಸಂದುಗಳಲ್ಲಿ ಶಾಖ ಕಿರಣವಾಗಿ ದಾಟುತ್ತದೆ, ಹಾಳೆ ತೀರಾ ಸಡಿಲ ಇದ್ದರೆ ಗಾಳಿಯೂ ಅಲ್ಲಾಡುತ್ತದೆ. ಹಾಗಾಗಿ 40 ಗ್ರಾಂ ತೂಗುವ ಸಡಿಲ ಹಾಳೆಗಿಂತ 80 ತೂಗುವ ಒತ್ತಿದ ಹಾಳೆ ಉತ್ತಮ. ಕಾರ್ಕ್ ಕೊಳ್ಳುವಾಗಲೂ ತೂಗಿ ನೋಡಿ. ನೋಟಿಸ್ ಬೋರ್ಡಿನ ಕಾರ್ಕ್ ಅಂಟು ಹಾಕಿ ಒತ್ತಿದ್ದು, 200 ಗ್ರಾಂ ದಾಟುವುದುಂಟು, ಅದರಲ್ಲಿ ನನ್ನ ಸಂಖ್ಯೆ ಬರೋದಿಲ್ಲ.

ಮಳೆಗಾಲದ ಒಂದು ಕಥೆ ಹೇಳಬೇಕು. ಜುಲೈನಲ್ಲಿ ಅದೇ ನಾರಿನ ತುಂಡು ತೆಗೆದು ಇಟ್ಟರೆ ಓದು ನಿಲ್ಲಲೇ ಇಲ್ಲ. ಮಧ್ಯಾಹ್ನವಿಡೀ ವ್ಯತ್ಯಾಸ ಸ್ವಲ್ಪ ಸ್ವಲ್ಪ ಏರುತ್ತಲೇ ಇತ್ತು. ಹೀಟರ್ ಕೆಟ್ಟಿತು ಅಂದುಕೊಂಡು ಬಿಚ್ಚಿದೆ. ತುಂಡು ತೂಗಿದರೆ 91 ಗ್ರಾಂ. ಹನ್ನೊಂದು ಗ್ರಾಂ ತೇವ ಕುಡಿದಿತ್ತು, ಅದು ಬಿಸಿ ಕಡೆಯಿಂದ ಆವಿಯಾಗಿ ತಣ್ಣನೆ ಕಡೆಗೆ ಸಾಗುತ್ತ ಜೊತೆಗೆ ಶಾಖವನ್ನೂ ಹೊತ್ತೊಯ್ಯುತ್ತಿತ್ತು. ನಿಮ್ಮಲ್ಲೂ ಓದು ಹೀಗೆ ತೆವಳಿದರೆ ಮೊದಲು ತಕ್ಕಡಿ ನೋಡಿ, ಆಮೇಲೆ ತಂತಿ. ಬಿಸಿಲಿಗೆ ಹಾಕಿ ತೂಕ ಇಳಿಯೋದು ನಿಂತ ಮೇಲೆ ಅಳೆಯಿರಿ.

ಇಷ್ಟೆಲ್ಲ ಆದ ಮೇಲೆ ಪೆಟ್ಟಿಗೆಗೆ ಬಂದರೆ ವ್ಯತ್ಯಾಸ ಕಿರಿದಾಗುತ್ತದೆ. ಗೋಡೆಯ ಒಳಗೂ ಹೊರಗೂ ಅಂಟಿಕೊಂಡಿರುವ ನಿಂತ ಗಾಳಿಯ ಪದರವೂ ಒಂದಿಷ್ಟು ಶಾಖ ತಡೆಯುತ್ತದೆ, ಅದು ಎಲ್ಲ ವಸ್ತುವಿಗೂ ಒಂದೇ. ಪ್ಲೇಟಿನ ಮೇಲೆ ನಾರು ಥರ್ಮಾಕೋಲಿಗಿಂತ ನೂರಕ್ಕೆ ಮೂವತ್ತು ಹೆಚ್ಚು ಶಾಖ ಬಿಟ್ಟರೆ, ನಿಮ್ಮ ಅಳತೆಯ ಪೆಟ್ಟಿಗೆಯಲ್ಲಿ ಅದು ಇಪ್ಪತ್ತು ಚಿಲ್ಲರೆಗೆ ಇಳಿಯುತ್ತದೆ. ಮುಚ್ಚಳದ ಸಂದು ಇದನ್ನು ಸಲೀಸಾಗಿ ನುಂಗಿಬಿಡುತ್ತದೆ. 28 ಡಿಗ್ರಿ ಕೋಣೆಯಲ್ಲಿ 25 ಮಿ.ಮೀ. ಥರ್ಮಾಕೋಲ್ ಪೆಟ್ಟಿಗೆಯೊಳಗೆ ನಾಲ್ಕು ಗಂಟೆಯಲ್ಲಿ ಸುಮಾರು 400 ಗ್ರಾಂ ಐಸ್ ಕರಗಬೇಕು ಅಂತ ನನ್ನ ಲೆಕ್ಕ. ಕರಗಿದ ನೀರು ತೂಗಿದರೆ 520. ಕಿಟಕಿಗೆ ಹಚ್ಚುವ ಸ್ಪಂಜಿನ ಪಟ್ಟಿಯನ್ನು ಮುಚ್ಚಳದ ಸುತ್ತ ಅಂಟಿಸಿ, ಮೇಲೆ ಇಟ್ಟಿಗೆ ಹೇರಿದ ಮೇಲೆ 430ಕ್ಕೆ ಬಂತು.

ನಿಮ್ಮ ಜಾಗದಲ್ಲಿ ನಾನಿದ್ದರೆ ಕಾರ್ಕ್ ಬಿಡುತ್ತಿದ್ದೆ. ಅದು ಪೋರ್ಚುಗಲ್ ಕಡೆಯ ಓಕ್ ಮರದ ತೊಗಟೆ, ನಾರಿನ ಮುಂದೆ ಅದರ ಬೆಲೆಗೆ ಸಿಗುವ ಲಾಭ ಇಷ್ಟೇ ಇಷ್ಟು. ಹಗುರ, ಸುಲಭ ಬೇಕಾದರೆ ಥರ್ಮಾಕೋಲ್. ಇಲಿ ಕಾಟ ಇದ್ದರೆ, ಅಥವಾ ಅದೇ ಪೆಟ್ಟಿಗೆಯಲ್ಲಿ ಕುದಿಯುವ ಪಾತ್ರೆಯನ್ನೂ ಇಡುವ ಯೋಚನೆ ಇದ್ದರೆ ಒತ್ತಿದ ನಾರು, ಆದರೆ 25ರ ಬದಲು 33 ಮಿ.ಮೀ. ದಪ್ಪಕ್ಕೆ. ಐಸಿಗೆ ನಾರು ಬಳಸಿದರೆ ಪಾಲಿಥೀನ್ ಹಾಳೆಯನ್ನು ನಾರಿನ ಹೊರಮಗ್ಗುಲಿಗೆ ಹಾಕಿ, ಸೇರುವಲ್ಲೆಲ್ಲ ಟೇಪ್ ಹಚ್ಚಿ. ಹೊರಗಿನ ಬೆಚ್ಚನೆ ಗಾಳಿಯ ತೇವ ತಣ್ಣನೆ ಒಳಗೋಡೆ ಹುಡುಕಿಕೊಂಡು ಬಂದು ನಾರಿನಲ್ಲೇ ನೀರಾಗುತ್ತದೆ. ತಿಂಗಳಿಗೊಮ್ಮೆ ಖಾಲಿ ಪೆಟ್ಟಿಗೆಯನ್ನು ತೂಗಿ ನೋಡಿ, ತೂಕ ಏರುತ್ತಿದ್ದರೆ ಟೇಪ್ ಎಲ್ಲೋ ಬಿಟ್ಟಿದೆ.