ವಿಡಿಯೊ ಶೀರ್ಷಿಕೆಯಲ್ಲಿ ಒತ್ತಕ್ಷರ ಒಡೆಯುವುದೇಕೆ?

ಪ್ರಶ್ನೆ: ಪ್ರೀಮಿಯರ್ ಪ್ರೊದಲ್ಲಿ ಶೀರ್ಷಿಕೆ ಹಾಕಿದರೆ ಕನ್ನಡದ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಕಾಣುತ್ತವೆ. ನಾಲ್ಕೈದು ಫಾಂಟ್ ಬದಲಿಸಿ ನೋಡಿದೆ, ಅದೇ ಕಥೆ. ನುಡಿ ಫಾಂಟ್ ಹಾಕಿದರೆ ಸರಿಹೋಗುತ್ತದೆ ಎಂದು ಗೆಳೆಯ ಹೇಳುತ್ತಾನೆ. ನಿಜವೇ? ಬೇರೆ ದಾರಿ ಇದೆಯೇ?

ಉತ್ತರ: ದಾವಣಗೆರೆಯಲ್ಲಿ ಮದುವೆ, ನಾಮಕರಣ, ಗೃಹಪ್ರವೇಶಗಳ ವಿಡಿಯೊ ಎಡಿಟಿಂಗ್ ಮಾಡಿಕೊಂಡಿದ್ದೇನೆ. ಈ ವಿಷಯದಲ್ಲಿ ನನಗೆ ಪಾಠ ಕಲಿಸಿದ್ದು ಹೊಳಲ್ಕೆರೆ ಕಡೆಯವರ ಒಂದು ಆರತಕ್ಷತೆ. ವರನ ಊರು ದಾವಣಗೆರೆ, ವಧುವಿನ ಊರು ಚಿತ್ರದುರ್ಗ. ಎರಡು ಊರಿನ ಹೆಸರನ್ನೂ ದೊಡ್ಡದಾಗಿ ಹಾಕಿದ ಶೀರ್ಷಿಕೆಯನ್ನು ರಾತ್ರಿ ಎರಡರವರೆಗೆ ಕೂತು ಮಾಡಿದ್ದೆ. ಸಂಜೆ ಎಲ್‌ಇಡಿ ಪರದೆಯ ಮೇಲೆ ಅದು ಬಂದಾಗ ವಧುವಿನ ಅಜ್ಜ, ನಿವೃತ್ತ ಮೇಷ್ಟ್ರು, ಕನ್ನಡಕ ಸರಿಪಡಿಸಿಕೊಂಡು ಮುಂದೆ ಬಂದು ನಿಂತರು. ‘ಚಿತ್, ರದುರ್, ಗ. ಇದು ಯಾವ ಊರಪ್ಪಾ?’ ಎಂದು ಗಟ್ಟಿಯಾಗಿಯೇ ಕೇಳಿದರು. ಪರದೆಯ ಮೇಲೆ ಇದ್ದದ್ದು ಹೀಗೆ: ಚಿತ್‌ರದುರ್‌ಗ.

ನಾನು ಗಮನಿಸದೆ ಹೋದದ್ದಕ್ಕೂ ಕಾರಣವಿದೆ. ಎಡಿಟಿಂಗ್ ಮಾಡುವಾಗ ನನ್ನ ಕಣ್ಣು ಇದ್ದದ್ದು ಮೇಲಿನ ಸಾಲಿನ ‘ದಾವಣಗೆರೆ’ಯ ಮೇಲೆ. ಆ ಪದದಲ್ಲಿ ಒಂದೇ ಒಂದು ಒತ್ತಕ್ಷರವಿಲ್ಲ. ‘ಗೆ’, ‘ರೆ’ಗಳ ಎತ್ವ ತಲೆಕಟ್ಟಿನ ಜೊತೆ ಕೂಡಿಕೊಳ್ಳದೆ ತುಸು ಪಕ್ಕಕ್ಕೆ ನಿಂತಿತ್ತು, ಅಷ್ಟೆ. ಅವಸರದಲ್ಲಿ ಅದು ಯಾರಿಗೂ ಕಾಣುವುದಿಲ್ಲ. ‘ಚಿತ್ರದುರ್ಗ’ದಲ್ಲಾದರೆ ಒಂದು ಒತ್ತು, ಒಂದು ಅರ್ಕಾವತ್ತು ಎರಡೂ ಇವೆ. ತಂತ್ರಾಂಶಕ್ಕೆ ಕನ್ನಡ ಜೋಡಿಸಲು ಬರುತ್ತದೆಯೋ ಇಲ್ಲವೋ ಎಂಬುದನ್ನು ಈ ಒಂದೇ ಊರು ಹೇಳಿಬಿಡುತ್ತದೆ.

ಯೂನಿಕೋಡ್‌ನಲ್ಲಿ ನೀವು ‘ಚಿತ್ರದುರ್ಗ’ ಎಂದು ಟೈಪ್ ಮಾಡಿದಾಗ ಕಡತದೊಳಗೆ ಉಳಿಯುವುದು ಈ ಹತ್ತು ಸಂಕೇತಗಳು:

```
ಚ  ಿ  ತ  ್  ರ  ದ  ು  ರ  ್  ಗ
```

ಕಣ್ಣಿಗೆ ಕಾಣಬೇಕಾದದ್ದು ಮಾತ್ರ ನಾಲ್ಕು ಅಕ್ಷರ: ಚಿ, ತ್ರ, ದು, ರ್ಗ. ಈ ಹತ್ತನ್ನು ನಾಲ್ಕು ಮಾಡುವ ಕೆಲಸ ಫಾಂಟ್ ಒಂದರಿಂದಲೇ ಆಗುವುದಿಲ್ಲ. ತ, ಹಲಂತ, ರ ಒಟ್ಟಿಗೆ ಬಂದರೆ ಯಾವ ಆಕಾರ ಇಡಬೇಕು ಎಂಬ ನಿಯಮ ಫಾಂಟಿನೊಳಗೆ ಬರೆದಿರುತ್ತದೆ. ಆ ನಿಯಮವನ್ನು ಓದಿ ಜಾರಿಗೆ ತರಬೇಕಾದದ್ದು ತಂತ್ರಾಂಶದ ಪಠ್ಯ ಎಂಜಿನ್. ಅರ್ಕಾವತ್ತನ್ನೇ ನೋಡಿ. ಟೈಪ್ ಮಾಡುವಾಗ ರ ಮೊದಲು, ಗ ಆಮೇಲೆ. ಪರದೆಯಲ್ಲಿ ಗ ಮೊದಲು ಬಂದು, ಅದರ ಬಲಕ್ಕೆ ಅರ್ಕಾವತ್ತು ಕೂರಬೇಕು. ಈ ಸ್ಥಾನಪಲ್ಲಟ ಗೊತ್ತಿಲ್ಲದ ಎಂಜಿನ್ ಇಂಗ್ಲಿಷ್ ಅಕ್ಷರಗಳನ್ನು ಇಟ್ಟ ಹಾಗೆ ಒಂದರ ಪಕ್ಕ ಒಂದನ್ನು ಇಟ್ಟು ಕೈತೊಳೆದುಕೊಳ್ಳುತ್ತದೆ. ನೀವು ನಾಲ್ಕೈದು ಫಾಂಟ್ ಬದಲಿಸಿದರೂ ಪ್ರಯೋಜನವಾಗದೆ ಇದ್ದದ್ದು ಇದೇ ಕಾರಣಕ್ಕೆ ಇರಬೇಕು. ನಿಯಮದ ಪುಸ್ತಕ ಬದಲಾಯಿತು, ಓದುವವರೇ ಇರಲಿಲ್ಲ.

ಆದರೂ ಎಂಜಿನ್ ಮೇಲೆ ತಪ್ಪು ಹೊರಿಸುವ ಮುನ್ನ ಅರ್ಧ ನಿಮಿಷದ ಪರೀಕ್ಷೆಯೊಂದನ್ನು ಮಾಡಿ. ಶೀರ್ಷಿಕೆಯ ಪಠ್ಯವನ್ನು ನಕಲಿಸಿ ವಿಂಡೋಸ್‌ನ ನೋಟ್‌ಪ್ಯಾಡಿನಲ್ಲಿ ಅಂಟಿಸಿ, ಫಾಂಟನ್ನು `Nirmala UI` ಮಾಡಿ. ಅಲ್ಲಿ ಸರಿಯಾಗಿ ಕಂಡರೆ ಪಠ್ಯ ಸರಿಯಿದೆ, ದೋಷ ಎಡಿಟಿಂಗ್ ತಂತ್ರಾಂಶದ್ದು. ಅಲ್ಲಿಯೂ ‘ತ್‌ರ’ ಎಂದೇ ಒಡೆದಿದ್ದರೆ ಹಲಂತದ ನಂತರ ಕಣ್ಣಿಗೆ ಕಾಣದ ಒಂದು ಸಂಕೇತ ಸೇರಿಕೊಂಡಿರುತ್ತದೆ. ‘ಸಾಫ್ಟ್‌ವೇರ್’ ಎಂಬಲ್ಲಿ ಟ್ ಮತ್ತು ವೇ ಒತ್ತಾಗದಂತೆ ತಡೆಯಲು ಬಳಸುವ ಸಂಕೇತವೇ ಅದು. ಯಾರೋ ಕಳಿಸಿದ್ದನ್ನು ನಕಲಿಸಿದಾಗ ಬೇಡದ ಕಡೆಯೂ ಬಂದುಬಿಡುತ್ತದೆ. ಆ ಪದವನ್ನು ಪೂರ್ತಿ ಅಳಿಸಿ ಹೊಸದಾಗಿ ಟೈಪ್ ಮಾಡಿದರೆ ಮುಗಿಯಿತು. ಇನ್ನು ‘ಆರ್ಶೀವಾದ’ ಎಂದು ಬರೆದುಕೊಟ್ಟ ಚೀಟಿಯನ್ನು ಯಾವ ಎಂಜಿನ್ನೂ ‘ಆಶೀರ್ವಾದ’ ಮಾಡಿಕೊಡುವುದಿಲ್ಲ. ನನಗೆ ಬರುವ ಚೀಟಿಗಳಲ್ಲಿ ಈ ತಪ್ಪು ಎಷ್ಟಿದೆಯೆಂದರೆ, ಈಗ ಕೇಳದೆಯೇ ತಿದ್ದಿಬಿಡುತ್ತೇನೆ.

ನೋಟ್‌ಪ್ಯಾಡಿನಲ್ಲಿ ಸರಿ, ಪ್ರೀಮಿಯರ್‌ನಲ್ಲಿ ತಪ್ಪು ಎಂದಾದರೆ ಮಾಡಬೇಕಾದದ್ದು ಇಷ್ಟು. `Edit > Preferences > Graphics` ತೆರೆಯಿರಿ. ಅಲ್ಲಿ `Text Engine` ಎಂಬ ಆಯ್ಕೆ ಇರುತ್ತದೆ. ಅದನ್ನು `South Asian and Middle Eastern` ಮಾಡಿ. ಆವೃತ್ತಿಯಿಂದ ಆವೃತ್ತಿಗೆ ಹೆಸರು ತುಸು ಆಚೀಚೆ ಆಗಿರಬಹುದು, `South Asian` ಎಂಬ ಪದವನ್ನು ಹುಡುಕಿ. ಪ್ರೋಗ್ರಾಮನ್ನು ಒಮ್ಮೆ ಮುಚ್ಚಿ ತೆರೆದು, ಹೊಸ ಪಠ್ಯ ಪದರ ಮಾಡಿ ಅದರಲ್ಲಿ ಟೈಪ್ ಮಾಡಿ. ಎಡವುವುದು ಇಲ್ಲಿಯೇ: ಮೊದಲೇ ಮಾಡಿಟ್ಟ ಶೀರ್ಷಿಕೆ ಹಳೆಯ ಎಂಜಿನ್‌ನಲ್ಲೇ ಉಳಿದಿದ್ದರೆ, ಅದನ್ನು ನೋಡಿ ಆಯ್ಕೆ ಕೆಲಸ ಮಾಡಲಿಲ್ಲ ಎಂದು ಕೈಬಿಡಬೇಡಿ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಇದೇ ಆಯ್ಕೆ `Preferences > Type` ಅಡಿಯಲ್ಲಿ ಸಿಗುತ್ತದೆ. ಫಾಂಟ್ `Noto Sans Kannada`, `Noto Serif Kannada`, `Baloo Tamma 2` ಯಾವುದಾದರೂ ಆದೀತು. ಮೂರೂ ಯೂನಿಕೋಡ್ ಫಾಂಟ್‌ಗಳು, ಹಣ ಕೊಡಬೇಕಿಲ್ಲ.

ಅಕ್ಷರ ಸರಿಯಾಗಿ ಕೂಡಿಕೊಂಡ ಮೇಲೂ ಅದನ್ನು ಮತ್ತೆ ಒಡೆಯುವ ಕೆಲಸವನ್ನು ನಾವೇ ಮಾಡುತ್ತೇವೆ. ಒಂದು, ಅಕ್ಷರಗಳ ನಡುವಿನ ಅಂತರ ಹೆಚ್ಚಿಸುವ `Tracking`. ಇಂಗ್ಲಿಷ್ ಶೀರ್ಷಿಕೆಗೆ ಅದು ಚೆಂದ. ಕನ್ನಡದಲ್ಲಿ ಬಹಳಷ್ಟು ಫಾಂಟ್‌ಗಳು ಒತ್ತನ್ನು ಪ್ರತ್ಯೇಕ ಚಿತ್ರವಾಗಿ ಇಟ್ಟುಕೊಂಡಿರುವುದರಿಂದ, ‘ಹೊಳಲ್ಕೆರೆ’ಯ ಕ-ಒತ್ತು ಲ-ಕಾರದ ಕೆಳಗಿನಿಂದ ಜಾರಿ ಬಲಕ್ಕೆ ಹೋಗಿಬಿಡಬಹುದು. ಅದನ್ನು 0 ಬಿಡಿ. ಎರಡನೆಯದು ಅಕ್ಷರ ಒಂದೊಂದಾಗಿ ಹಾರಿ ಬರುವ ಅನಿಮೇಶನ್. ಪ್ರತಿ ಸಂಕೇತವನ್ನೂ ಬೇರೆ ಬೇರೆ ಚಲಿಸುವ ಅನಿಮೇಶನ್ ಆದರೆ ತ ಒಂದು ಕಡೆಯಿಂದ, ಅದರ ಒತ್ತು ಇನ್ನೊಂದು ಕಡೆಯಿಂದ ಬರುತ್ತದೆ. ಟೈಪ್‌ರೈಟರ್ ಪರಿಣಾಮದಲ್ಲಿಯೂ ತಮಾಷೆಯಿದೆ: ಮೊದಲು ‘ಚಿತ’, ಆಮೇಲೆ ‘ಚಿತ್’, ಆಮೇಲೆ ‘ಚಿತ್ರ’. ಮದುವೆಯ ವಿಡಿಯೊದಲ್ಲಿ ಕ್ಷಣಮಾತ್ರಕ್ಕಾದರೂ ‘ಚಿತ’ ಎಂದು ಬರುವುದು ಬೇಡ ಎಂದು ಆ ಮೇಷ್ಟ್ರು ಹೇಳಿಯಾರು. ಆಫ್ಟರ್ ಎಫೆಕ್ಟ್ಸ್‌ನ ಅನಿಮೇಟರ್‌ನಲ್ಲಿ `Based On` ಎಂಬುದನ್ನು `Words` ಮಾಡಿದರೆ ಪದ ಇಡಿಯಾಗಿ ಬರುತ್ತದೆ. ಬರೆಯುತ್ತಿರುವಂತೆಯೇ ಕಾಣಬೇಕು ಎಂದರೆ ಪ್ರೀಮಿಯರ್‌ನ `Crop` ಹಾಕಿ, `Right` ಮೌಲ್ಯವನ್ನು ಒಂದೂವರೆ ಸೆಕೆಂಡಿನಲ್ಲಿ 100ರಿಂದ 0ಕ್ಕೆ ಇಳಿಸಿ. ಪರದೆ ಸರಿದಂತೆ ಎಡದಿಂದ ಬಲಕ್ಕೆ ಹೆಸರು ತೆರೆದುಕೊಳ್ಳುತ್ತದೆ, ಪಠ್ಯಕ್ಕೆ ಏನೂ ಆಗುವುದಿಲ್ಲ.

ನುಡಿಯ ವಿಷಯ. ಗೆಳೆಯರು ಸುಳ್ಳು ಹೇಳುತ್ತಿಲ್ಲ. ನುಡಿಯ ಹಳೆಯ ಬಗೆಯ ಫಾಂಟ್‌ಗಳಲ್ಲಿ ಕನ್ನಡದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದಾರೆ. ಒತ್ತು ಎಲ್ಲಿ ಬರಬೇಕೋ ಅಲ್ಲಿಯೇ ಟೈಪ್ ಆಗುವುದರಿಂದ ಜೋಡಿಸುವ ಎಂಜಿನ್ನೇ ಬೇಕಿಲ್ಲ, ಎಂಥ ಹಳೆಯ ತಂತ್ರಾಂಶದಲ್ಲೂ ಸರಿ ಕಾಣುತ್ತದೆ. ನಾನೂ ಹಲವು ವರ್ಷ ಹಾಗೆಯೇ ಮಾಡಿದೆ. ಬಿಟ್ಟದ್ದು ಏಕೆಂದರೆ, ಪ್ರಾಜೆಕ್ಟನ್ನು ಆ ಫಾಂಟ್ ಇಲ್ಲದ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ ‘ಕನ್ನಡ’ ಎಂಬುದು `PÀ£ÀßqÀ` ಆಗಿ ಕೂತಿರುತ್ತದೆ. ಗ್ರಾಹಕರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಹೆಸರುಗಳು ಯೂನಿಕೋಡ್‌ನಲ್ಲಿರುತ್ತವೆ. ಅವನ್ನು ಅಂಟಿಸಿ ನುಡಿ ಫಾಂಟ್ ಆರಿಸಿದರೆ ಚೌಕ ಡಬ್ಬಿಗಳು ಬರಬಹುದು ಅಥವಾ ತಂತ್ರಾಂಶ ತನಗಿಷ್ಟ ಬಂದ ಬೇರೆ ಫಾಂಟನ್ನು ಹಾಕಬಹುದು. ಎಲ್ಲ ಹೆಸರನ್ನೂ ಮತ್ತೆ ಟೈಪ್ ಮಾಡಬೇಕು, ಮತ್ತೆ ಟೈಪ್ ಮಾಡಿದಲ್ಲಿ ಮತ್ತೆ ತಪ್ಪು.

ನಿಮ್ಮ ತಂತ್ರಾಂಶ ಹಳೆಯದಾಗಿ ಆ ಆಯ್ಕೆಯೇ ಸಿಗದಿದ್ದರೆ, ನನ್ನ ಮಟ್ಟಿಗೆ ನುಡಿಗಿಂತ ಒಳ್ಳೆಯ ದಾರಿ ಇಂಕ್‌ಸ್ಕೇಪ್. ಉಚಿತ ತಂತ್ರಾಂಶ, ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ. ಹೊಳಲ್ಕೆರೆಯವರ ಶೀರ್ಷಿಕೆಯನ್ನು ಮರುದಿನ ಹೀಗೆಯೇ ಮಾಡಿಕೊಟ್ಟೆ. `File > Document Properties`ನಲ್ಲಿ ಪುಟವನ್ನು 1920 × 1080 ಪಿಕ್ಸೆಲ್ ಮಾಡಿದೆ. ಊರಿನ ಹೆಸರುಗಳನ್ನು ಎರಡು ಸಾಲಿನಲ್ಲಿ ಅಂಟಿಸಿದೆ. ಪುಟವನ್ನು ಹಿನ್ನೆಲೆಯಿಲ್ಲದ ಪಿಎನ್‌ಜಿ ಚಿತ್ರವಾಗಿ ತೆಗೆದು, ವಿಡಿಯೊದ ಮೇಲಿನ ಟ್ರ್ಯಾಕಿನಲ್ಲಿ ಇಟ್ಟೆ. ಚಿತ್ರವಾದ ಮೇಲೆ ಒಡೆಯಲು ಏನೂ ಉಳಿಯುವುದಿಲ್ಲ. ಶೀರ್ಷಿಕೆ ನಿಧಾನಕ್ಕೆ ದೊಡ್ಡದಾಗುತ್ತಾ ಬರುವಂತಿದ್ದರೆ ಚಿತ್ರವನ್ನು 3840 × 2160ರಲ್ಲಿ ತೆಗೆಯಿರಿ, ಇಲ್ಲದಿದ್ದರೆ ಅಂಚು ಮಸುಕಾಗುತ್ತದೆ. ಇಂಕ್‌ಸ್ಕೇಪಿನ ಮೂಲ ಕಡತವನ್ನು ಮಾತ್ರ ಅಳಿಸಬೇಡಿ. ‘ಒಂದು ಹೆಸರು ಬಿಟ್ಟುಹೋಗಿದೆ’ ಎಂಬ ಫೋನ್ ಬಂದೇ ಬರುತ್ತದೆ, ಪಿಎನ್‌ಜಿಯಲ್ಲಿ ಅದನ್ನು ಸೇರಿಸಲಾಗುವುದಿಲ್ಲ.

ಎರಡು ಸಾಲಿನ ಶೀರ್ಷಿಕೆಯಾದರೆ ಸಾಲಿನ ಅಂತರವನ್ನೂ ನೋಡಿಕೊಳ್ಳಿ. ‘ರಾಷ್ಟ್ರೀಯ’, ‘ಸ್ತ್ರೀ’ ಇಂಥ ಪದಗಳಲ್ಲಿ ಎರಡೆರಡು ಒತ್ತು ಕೆಳಕ್ಕೆ ಇಳಿಯುತ್ತವೆ. ನಾನು ಅಕ್ಷರದ ಗಾತ್ರ 80 ಇದ್ದರೆ ಸಾಲಿನ ಅಂತರವನ್ನು 120ರ ಸುಮಾರು ಇಡುತ್ತೇನೆ. ಹಿಂದೆ ಬಣ್ಣದ ಪಟ್ಟಿ ಹಾಕುವುದಿದ್ದರೆ ಅದರ ಕೆಳ ಅಂಚು ಒತ್ತನ್ನು ಕತ್ತರಿಸುತ್ತಿಲ್ಲ ಎಂಬುದನ್ನೂ ನೋಡಿ.

ಹೊಸ ಕಂಪ್ಯೂಟರೋ ಹೊಸ ಆವೃತ್ತಿಯೋ ಬಂದಾಗ ನಾನು ಮೊದಲು ಟೈಪ್ ಮಾಡುವ ಸಾಲು ಇದು, ಬೇಕಾದರೆ ನಕಲಿಸಿಕೊಳ್ಳಿ:

```
ಶ್ರೀ ಸ್ತ್ರೀ ಚಿತ್ರದುರ್ಗ ಹೊಳಲ್ಕೆರೆ ಮೊಳಕಾಲ್ಮುರು ಜ್ಞಾನ ಕ್ಷೇತ್ರ ಸಾಮರ್ಥ್ಯ
```

ಇದನ್ನು ಐದು ಸೆಕೆಂಡಿನ ವಿಡಿಯೊ ಮಾಡಿ ಹೊರತೆಗೆದು, ಮೊಬೈಲಿನಲ್ಲಿ ಒಮ್ಮೆ, ಟಿ.ವಿ.ಯಲ್ಲಿ ಒಮ್ಮೆ ಓಡಿಸಿ ನೋಡುತ್ತೇನೆ. ಆಯ್ಕೆ ಬದಲಿಸಿದ ಮೇಲೆ ನಿಮ್ಮಲ್ಲಿ ಇದರಲ್ಲಿ ಯಾವ ಪದವಾದರೂ ಒಡೆದರೆ, ಯಾವ ಪದ ಮತ್ತು ಯಾವ ಫಾಂಟ್ ಎಂಬುದನ್ನು ತಿಳಿಸಿ.