ಅರ್ಧ ಅಂಕಿ ಸರಿ, ಅರ್ಧ ಕಸ: ಸ್ಕೋಪ್ ಚಿತ್ರದಲ್ಲೇ ಉತ್ತರ ಇದೆ

«ಹಳೇ ತೂಕದ ಯಂತ್ರ. ಡಿಸ್ಪ್ಲೇಯಲ್ಲಿ 13 ಇದ್ದಾಗ ಕಂಪ್ಯೂಟರಿಗೆ B1 33 ಬರ್ತಿದೆ. 9600, 8N1 ಇಟ್ಟಿದ್ದೇನೆ. ಸ್ಕೋಪ್ ಚಿತ್ರ ಹಾಕಿದ್ದೇನೆ, ಯಾವುದು ಸ್ಟಾರ್ಟ್, ಯಾವುದು ಪ್ಯಾರಿಟಿ ಅಂತ ಗೊತ್ತಾಗ್ತಿಲ್ಲ.»

ಮೇಲೆ ಒಬ್ಬರು ಬಾಡ್ ರೇಟ್ ತಪ್ಪಿದೆ, 4800 ಹಾಕಿ ಎಂದಿದ್ದಾರೆ. ಬಾಡ್ ಮೊದಲು ನೋಡಬೇಕು ಅನ್ನೋದು ಸರಿ. ಆದರೆ ಹೆಕ್ಸಿನಲ್ಲಿ 33 ಅಂದರೆ '3'. ಬಾಡ್ ತಪ್ಪಿದ್ದರೆ ಅದು ಮಾತ್ರ ಪ್ರತಿ ಸಲ ಸರಿಯಾಗಿ ಬರುತ್ತಿರಲಿಲ್ಲ. ಇನ್ನೊಬ್ಬರು ತಮ್ಮ ಬೋರ್ಡಿನಲ್ಲಿ ಸಿಗ್ನಲ್ ಉಲ್ಟಾ ಇತ್ತು ಎಂದಿದ್ದಾರೆ. ಅವರದು ಆರ್‌ಎಸ್-232 ಲೈನನ್ನು ನೇರವಾಗಿ ನೋಡಿದ ಕಥೆ, ಅಲ್ಲಿ ಸುಮ್ಮನಿರುವ ಲೈನ್ ಮೈನಸ್ ವೋಲ್ಟೇಜಿನಲ್ಲಿರುತ್ತದೆ. ನಿಮ್ಮ ಚಿತ್ರದಲ್ಲಿ ಸುಮ್ಮನಿರುವಾಗ ಲೈನ್ ಮೇಲೇ ಇದೆ. ತಿರುಗಿಸುವ ಕೆಲಸ ಇಲ್ಲ.

ಈಗ ಚಿತ್ರ. ಎಡಗಡೆ ಲೈನ್ ಬಹಳ ಹೊತ್ತು ಮೇಲೇ ನಿಂತಿದೆಯಲ್ಲ, ಅದರ ನಂತರದ ಮೊದಲ ಇಳಿತದಿಂದಲೇ ಎಣಿಕೆ ಶುರು ಮಾಡಿ. ಸಾಲಿನ ಮಧ್ಯದಿಂದ ಶುರು ಮಾಡಿದರೆ ಯಾವುದೋ ಡೇಟಾ ಬಿಟ್ಟನ್ನು ಸ್ಟಾರ್ಟ್ ಅಂದುಕೊಂಡು ದಾರಿ ತಪ್ಪುತ್ತೀರಿ. ಒಂದು ಇಡೀ ಅಕ್ಷರಕ್ಕಿಂತ ಉದ್ದದ ಮೌನ ಸಿಕ್ಕಿದರೆ, ಅದರ ನಂತರದ ಇಳಿತ ಖಂಡಿತ ಸ್ಟಾರ್ಟ್ ಬಿಟ್.

9600ರಲ್ಲಿ ಒಂದು ಬಿಟ್ ಸುಮಾರು 104 ಮೈಕ್ರೊಸೆಕೆಂಡ್. ಕರ್ಸರನ್ನು ಒಂದೇ ಬಿಟ್ಟಿನ ಮೇಲೆ ಇಟ್ಟು ಅಳೆಯಬೇಡಿ, ಅಂಚಿನ ಓರೆಯೇ ಲೆಕ್ಕ ಕೆಡಿಸುತ್ತದೆ. ನಿಮ್ಮಲ್ಲಿ ಮೊದಲ ಅಕ್ಷರದ ಇಳಿತದಿಂದ ಎರಡನೆಯದರ ಇಳಿತಕ್ಕೆ 1042 ಇದೆ. ಅಂದರೆ ಹತ್ತು ಬಿಟ್. ಬಾಡ್ ಸರಿಯಾಗೇ ಇದೆ.

ಇನ್ನು ಮೊದಲ ಅಕ್ಷರವನ್ನು ಉದ್ದದ ಲೆಕ್ಕದಲ್ಲಿ ಓದೋಣ. ಕೆಳಗೆ 104, ಮೇಲೆ 104, ಕೆಳಗೆ 312, ಮೇಲೆ 208, ಕೆಳಗೆ 104, ಮೇಲೆ 208. 312 ಅಂದರೆ ಮೂರು ಸೊನ್ನೆ ಒಟ್ಟಿಗೆ, 208 ಅಂದರೆ ಎರಡು ಒಂದುಗಳು. ಬಿಡಿಸಿ ಬರೆದರೆ ಹೀಗೆ, ಕೆಳಗಿನ ಸಾಲು ಎರಡನೇ ಅಕ್ಷರ:

```
0 | 1 0 0 0 1 1 0 | 1 | 1
0 | 1 1 0 0 1 1 0 | 0 | 1
```

ಮೊದಲ ಸೊನ್ನೆ ಸ್ಟಾರ್ಟ್, ಕೊನೆಯ 1 ಸ್ಟಾಪ್. ಡೇಟಾದಲ್ಲಿ ಕಡಿಮೆ ಸ್ಥಾನಬೆಲೆಯ ಬಿಟ್ ಮೊದಲು ಬರುತ್ತದೆ, ಹಾಗಾಗಿ ಏಳನ್ನೂ ಹಿಂದುಮುಂದು ಮಾಡಿ ಓದಿ. ಮೇಲಿನದು 0110001, ಅಂದರೆ 0x31, ಅದು '1'. ಕೆಳಗಿನದು 0110011, 0x33, '3'. ಡಿಸ್ಪ್ಲೇ ಹೇಳಿದ್ದೂ ಇದೇ ಅಲ್ವಾ?

ಎಂಟನೇ ಜಾಗ ನೋಡಿ. '1'ರಲ್ಲಿ ಮೂರು ಒಂದುಗಳಿವೆ, ಅಲ್ಲಿ ಇನ್ನೊಂದು 1 ಸೇರಿ ನಾಲ್ಕಾಗಿದೆ. '3'ರಲ್ಲಿ ಆಗಲೇ ನಾಲ್ಕಿದೆ, ಅಲ್ಲಿ 0. ಎರಡೂ ಸಲ ಸಮಸಂಖ್ಯೆ, ಅಂದರೆ ಈವನ್ ಪ್ಯಾರಿಟಿ. ಯಂತ್ರ ಕಳಿಸುತ್ತಿರೋದು 7E1, ಅಂದರೆ ಏಳು ಡೇಟಾ ಬಿಟ್, ಈವನ್ ಪ್ಯಾರಿಟಿ, ಒಂದು ಸ್ಟಾಪ್ ಬಿಟ್. ನಿಮ್ಮ 8N1ರಲ್ಲಿ ಡೇಟಾ ಎಂಟು ಬಿಟ್, ಪ್ಯಾರಿಟಿ ಇಲ್ಲ, ಅದೂ ಒಟ್ಟು ಹತ್ತೇ ಬಿಟ್ ಆದ್ದರಿಂದ ಫ್ರೇಮ್ ಎರರ್ ಬರಲೇ ಇಲ್ಲ. ಅದು ಪ್ಯಾರಿಟಿಯನ್ನು ಎಂಟನೇ ಡೇಟಾ ಬಿಟ್ ಅಂದುಕೊಂಡು 31ನ್ನು B1 ಮಾಡಿತು. ಬೇಕಾದರೆ ಪರೀಕ್ಷೆ ಮಾಡಿ: 0, 3, 5, 6, 9 ಸರಿ ಬರಬೇಕು, 1, 2, 4, 7, 8 ಕೆಡಬೇಕು. ನಾನೂ ಒಮ್ಮೆ ಇದೇ ಗೋಳಿನಲ್ಲಿ ಎರಡು ಸಂಜೆ ಕೇಬಲ್ ಬದಲಿಸುತ್ತಾ ಕೂತಿದ್ದೆ. ಯಾವ ಅಂಕಿ ಕೆಡ್ತಿದೆ ಅಂತ ಬರೆದಿಟ್ಟಿದ್ದರೆ ಹತ್ತು ನಿಮಿಷದ ಕೆಲಸ. ಪೈಥಾನಿನಲ್ಲಿ ಪೋರ್ಟನ್ನು ಹೀಗೆ ತೆರೆಯಿರಿ:

```
ser = serial.Serial('/dev/ttyUSB0', 9600, bytesize=7, parity='E', stopbits=1)
```

ನಿಮ್ಮ ಪ್ರೋಗ್ರಾಮ್ ಸಾಲಿನ ಕೊನೆಗೆ 0x0D ಕಾಯ್ತಿದ್ದರೆ ಇಲ್ಲಿವರೆಗೆ ಅದೂ ಸಿಕ್ಕಿರೋದಿಲ್ಲ. ಅದರಲ್ಲೂ ಮೂರು ಒಂದುಗಳಿವೆ, 8D ಆಗಿ ಬಂದಿರುತ್ತದೆ. ಆಗಲೇ ಸೇವ್ ಮಾಡಿದ ಡೇಟಾ ಇದ್ದರೆ ಪ್ರತಿ ಬೈಟಿಗೆ `& 0x7F` ಹಾಕಿದರೆ ಸಾಕು, ಮತ್ತೆ ತೂಗಬೇಕಿಲ್ಲ.

ಒಂದು ಎಚ್ಚರ. ಕಳಿಸಿದ್ದು 13 ಅಂತ ಗೊತ್ತಿದ್ದಕ್ಕೆ ಇಷ್ಟು ಧೈರ್ಯವಾಗಿ ಹೇಳ್ತಿದ್ದೇನೆ. ಏನು ಬರುತ್ತಿದೆ ಅಂತಲೇ ಗೊತ್ತಿಲ್ಲದಿದ್ದರೆ ಹತ್ತು ಬಿಟ್ಟಿನ ಒಂದು ಅಕ್ಷರ ನೋಡಿ 8N1, 7E1, 7O1 ಯಾವುದು ಅಂತ ಹೇಳಕ್ಕಾಗಲ್ಲ. ಆಗ ಬೇರೆ ಬೇರೆ ಇಪ್ಪತ್ತು ಅಕ್ಷರ ಹಿಡಿದು ಒಂದುಗಳನ್ನು ಎಣಿಸಬೇಕು.

ನನಗೆ ಬಗೆಹರಿಯದ್ದು ಒಂದಿದೆ. ಚಿತ್ರದ ಬಲಗಡೆ, ಮೂರನೇ ಅಕ್ಷರದ ಇಳಿತದಿಂದ ನಾಲ್ಕನೆಯದಕ್ಕೆ 1146 ಇದೆ, ಹನ್ನೊಂದು ಬಿಟ್. ಸ್ಟಾಪ್ ಬಿಟ್ಟೂ ಸುಮ್ಮನಿರುವ ಲೈನೂ ಒಂದೇ ಮಟ್ಟ, ಹಾಗಾಗಿ ಅದು ಯಂತ್ರ ಅಲ್ಲಿ ತಡ ಮಾಡಿದ್ದಾ, ಇನ್ನೇನಾ, ಈ ಚಿತ್ರದಲ್ಲಿ ಗೊತ್ತಾಗೋದಿಲ್ಲ. ಓದೋಕೆ ತೊಂದರೆ ಇಲ್ಲ. ಇನ್ನೂ ನಾಲ್ಕೈದು ಸಾಲು ಹಿಡಿದು ಹಾಕ್ತೀರಾ? ಅದೇ ಜಾಗದಲ್ಲೇ ತಡ ಆಗ್ತಿದೆಯಾ ನೋಡೋಣ.